ಮೂರರಲ್ಲಿ ಒಂದು ದೊಡ್ಡದೋ, ನಾಲ್ಕರಲ್ಲಿ ಒಂದು ದೊಡ್ಡದೋ?

“ಅರ್ಥ ಆಯ್ತಾ?” ಎಂದು ಮೇಷ್ಟ್ರು ಕೇಳುತ್ತಾರೆ. “ಆಯ್ತು ಸಾರ್” ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಉತ್ತರಿಸುತ್ತದೆ. ನಮ್ಮ ಶಾಲೆಗಳಲ್ಲಿ ದಿನಕ್ಕೆ ಅದೆಷ್ಟು ಸಲ ಈ ಪ್ರಶ್ನೋತ್ತರ ನಡೆಯುತ್ತದೋ! ಇದರಿಂದ ಮೇಷ್ಟ್ರಿಗೆ ತಿಳಿಯುವುದು ಏನೂ ಇಲ್ಲ. ಮುಂದಿನ ಸಾಲಿನ ನಾಲ್ಕು ಮಕ್ಕಳು ಜೋರಾಗಿ ಹೇಳಿದ್ದನ್ನು ಹಿಂದಿನ ಸಾಲಿನವರು ಹಿಂಬಾಲಿಸುತ್ತಾರೆ, ಅಷ್ಟೇ. ಬೇರೆ ಪಾಠಗಳಲ್ಲಿ ಇದು ಹೇಗೋ ನಡೆದುಹೋಗಬಹುದು. ಭಿನ್ನರಾಶಿಯಲ್ಲಿ ನಡೆಯುವುದಿಲ್ಲ. ಏಕೆಂದರೆ ಭಿನ್ನರಾಶಿಯಲ್ಲಿ ಮಗು ತಪ್ಪು ಯೋಚನೆಯಿಂದಲೂ ಸರಿ ಉತ್ತರ ಕೊಡಬಲ್ಲದು.

ಒಂದು ಉದಾಹರಣೆ ನೋಡಿ. “3/4, 2/3 ಇವುಗಳಲ್ಲಿ ಯಾವುದು ದೊಡ್ಡದು?” ಎಂದು ಕೇಳಿದಿರಿ. ಮಗು “3/4” ಎಂದಿತು. ಉತ್ತರ ಸರಿ. ಆದರೆ ಆ ಮಗು ಯೋಚಿಸಿದ್ದು “ಎರಡಕ್ಕಿಂತ ಮೂರು ದೊಡ್ಡದು, ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಇದೇ ದೊಡ್ಡದು” ಎಂದಿರಬಹುದು. ನೀವು ಶಹಭಾಸ್ ಎಂದು ಮುಂದೆ ಹೋಗುತ್ತೀರಿ. ಅದೇ ಮಗು ನಾಳೆ 1/8 ದೊಡ್ಡದು, 1/5 ಚಿಕ್ಕದು ಎನ್ನುತ್ತದೆ. ಮುಂದಿನ ತಿಂಗಳು 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯುತ್ತದೆ. ಮೇಲಿನ ಸಂಖ್ಯೆ ಬೇರೆ, ಕೆಳಗಿನ ಸಂಖ್ಯೆ ಬೇರೆ, ನಡುವೆ ಒಂದು ಗೆರೆ. ಮಗುವಿನ ಕಣ್ಣಿಗೆ ಕಾಣುವುದು ಅಷ್ಟೇ. ಈ ಎರಡು ಸಂಖ್ಯೆ ಸೇರಿ ಒಂದೇ ಒಂದು ಅಳತೆ ಆಗುತ್ತದೆ ಎಂಬುದು ತಲೆಗೆ ಇಳಿದಿರುವುದಿಲ್ಲ.

ಇದು ನಮ್ಮ ಮಕ್ಕಳ ತೊಂದರೆ ಮಾತ್ರವಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ 12/13 ಮತ್ತು 7/8 ಕೂಡಿದರೆ ಹತ್ತಿರ ಹತ್ತಿರ ಎಷ್ಟು ಎಂದು ಕೇಳಿದ್ದರು. ಆರಿಸಿಕೊಳ್ಳಲು 1, 2, 19, 21 ಎಂಬ ಉತ್ತರಗಳನ್ನು ಕೊಟ್ಟಿದ್ದರು. ಎರಡೂ ಭಿನ್ನರಾಶಿಗಳು ಹೆಚ್ಚುಕಡಿಮೆ ಒಂದರಷ್ಟೇ ಇವೆ, ಹಾಗಾಗಿ ಉತ್ತರ 2. ಅದನ್ನು ಹೇಳಿದವರು ನೂರಕ್ಕೆ 24 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದಿದ್ದರು. ಮೇಲಿನವನ್ನು ಕೂಡಿದರೆ 19, ಕೆಳಗಿನವನ್ನು ಕೂಡಿದರೆ 21. ಆ ಮಕ್ಕಳು ಭಿನ್ನರಾಶಿಯ ಲೆಕ್ಕವನ್ನು ವರ್ಷಗಟ್ಟಲೆ ಮಾಡಿದ್ದವರೇ.

ಹಾಗಾದರೆ ಪಾಠವನ್ನು ಹೇಗೆ ಹೆಣೆಯಬೇಕು? ಅದರಲ್ಲೂ ಒಂದೇ ಕೋಣೆಯಲ್ಲಿ ಕೆಲವರು ಇನ್ನೂ ‘ಸಮಪಾಲು’ ಎಂದರೇನು ಎಂಬಲ್ಲೇ ಇದ್ದು, ಕೆಲವರು ಮುಂದಿನ ಅಧ್ಯಾಯಕ್ಕೆ ಹಾರಲು ಕಾಲೆತ್ತಿ ನಿಂತಿರುವಾಗ? ಇಡೀ ಘಟಕದ ಮಾತು ಬೇಡ. 40 ನಿಮಿಷದ ಒಂದೇ ಒಂದು ಅವಧಿ ತೆಗೆದುಕೊಳ್ಳೋಣ. ಐದನೇ ತರಗತಿ, 26 ಮಕ್ಕಳು, ಒಬ್ಬರೇ ಶಿಕ್ಷಕಿ ಎಂದು ಇಟ್ಟುಕೊಳ್ಳೋಣ.

ಉದ್ದೇಶ ಬರೆಯುವ ಬಗೆ

ಪಾಠಯೋಜನೆಯ ಪುಸ್ತಕ ತೆರೆದರೆ ಮೊದಲ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: “ಮಕ್ಕಳು ಭಿನ್ನರಾಶಿಯ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವರು.” ಸಾಲು ಓದಲು ಚೆನ್ನಾಗಿದೆ. ಆದರೆ ಮಧ್ಯಾಹ್ನ ಗಂಟೆ ಹೊಡೆದಾಗ ಅದು ಆಯಿತೋ ಇಲ್ಲವೋ ಎಂದು ಹೇಳಲು ದಾರಿಯೇ ಇಲ್ಲ. ಅರ್ಥವಾಗುವುದು ಕಣ್ಣಿಗೆ ಕಾಣುವ ಕೆಲಸವಲ್ಲ. ಹೋಲಿಸುವುದು, ತೋರಿಸುವುದು, ಕಾರಣ ಹೇಳುವುದು, ಇವು ಕಾಣುತ್ತವೆ.

ನಮ್ಮ ಅವಧಿಯ ಉದ್ದೇಶವನ್ನು ಹೀಗೆ ಬರೆಯಬಹುದು: “ಒಂದೇ ಉದ್ದದ ಪಟ್ಟಿಗಳಿಂದ ತೆಗೆದ, ಅಂಶ ಒಂದೇ ಆಗಿರುವ ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂದು ಮಗು ಹೇಳುವುದು, ಏಕೆ ಎಂಬುದನ್ನು ಪಟ್ಟಿ ತೋರಿಸಿ ಅಥವಾ ತನ್ನ ಮಾತಿನಲ್ಲಿ ವಿವರಿಸುವುದು.” ಅಂಶ ಎಂದರೆ ಗೆರೆಯ ಮೇಲಿನ ಸಂಖ್ಯೆ, ಛೇದ ಎಂದರೆ ಕೆಳಗಿನದು. ಅಂದರೆ ಇವತ್ತು 1/3ನ್ನು 1/4ರ ಜೊತೆ, 2/3ನ್ನು 2/5ರ ಜೊತೆ ಹೋಲಿಸುತ್ತೇವೆ. 2/3ನ್ನು 3/5ರ ಜೊತೆ ಹೋಲಿಸುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಸಮಾನ ಭಿನ್ನರಾಶಿ ಗೊತ್ತಿರಬೇಕು, ಅದು ಬೇರೆ ದಿನದ ಮಾತು.

ಇಷ್ಟು ಸಣ್ಣ ಉದ್ದೇಶಕ್ಕೆ ಒಂದು ಇಡೀ ಅವಧಿಯೇ ಎಂದು ಯಾರಾದರೂ ಕೇಳಬಹುದು. ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಕಲಿಕಾ ಫಲಗಳ ಪಟ್ಟಿಯಲ್ಲಿ ನಾಲ್ಕನೇ ತರಗತಿಗೆ ಅರ್ಧ, ಕಾಲು, ಮುಕ್ಕಾಲು ಗುರುತಿಸುವುದಿದೆ. ಐದನೇ ತರಗತಿಗೆ ಸಮಾನ ಭಿನ್ನರಾಶಿಗಳನ್ನು ಗುರುತಿಸಿ ರಚಿಸುವುದಿದೆ. ಈ ಎರಡರ ನಡುವೆ ಒಂದು ಹಳ್ಳವಿದೆ. ಪಾಲುಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದು ಪಾಲೂ ಕಿರಿದಾಗುತ್ತದೆ ಎಂಬ ಮಾತು ಆ ಹಳ್ಳದಲ್ಲಿ ಬಿದ್ದುಹೋಗುತ್ತದೆ. ಅದು ಗಟ್ಟಿಯಾಗದೆ ಮುಂದಿನದೆಲ್ಲ ಬರೀ ಬಾಯಿಪಾಠ. ಹಾಗಾಗಿ ಒಂದು ಅವಧಿ ಹೆಚ್ಚೇನಲ್ಲ.

ಉದ್ದೇಶ ಬರೆದ ಕೂಡಲೇ ಚಟುವಟಿಕೆ ಹುಡುಕಲು ಹೊರಡಬಾರದು. ಮೊದಲು ಅವಧಿಯ ಕೊನೆಯ ಪ್ರಶ್ನೆ ಬರೆಯಬೇಕು. ಮಕ್ಕಳು ಚೀಟಿಯಲ್ಲಿ ಉತ್ತರ ಬರೆದು ಕೊಟ್ಟು ಹೊರಗೆ ಹೋಗುವ ಪ್ರಶ್ನೆ ಅದು. ಇದು ಉಲ್ಟಾ ಎನಿಸುತ್ತದೆ, ಏಕೆಂದರೆ ನಮ್ಮ ಯೋಜನೆಯ ನಮೂನೆಗಳಲ್ಲಿ ಮೌಲ್ಯಮಾಪನ ಎಂಬ ಕಾಲಂ ಬಲತುದಿಯಲ್ಲಿ, ಬೆರಳಗಲ ಜಾಗದಲ್ಲಿ ಇರುತ್ತದೆ. ಅದರಲ್ಲಿ “ಮೌಖಿಕ ಪ್ರಶ್ನೆಗಳು” ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ಕೊನೆಯ ಪ್ರಶ್ನೆ ಮೊದಲೇ ಗೊತ್ತಿದ್ದರೆ ಯಾವ ಚಟುವಟಿಕೆ ಬೇಕು, ಯಾವುದು ಬರೀ ಗದ್ದಲ ಎಂಬುದು ತಾನಾಗಿ ತಿಳಿಯುತ್ತದೆ.

ಈ ಪಾಠಕ್ಕೆ ಕೊನೆಯ ಚೀಟಿಯಲ್ಲಿ ಎರಡು ಪ್ರಶ್ನೆ ಸಾಕು. ಒಂದು: 2/3, 2/5 ಇವುಗಳಲ್ಲಿ ಯಾವುದು ದೊಡ್ಡದು, ಯಾಕೆ? ಎರಡು: 1/4, 3/8 ಇವುಗಳಲ್ಲಿ ಯಾವುದು ದೊಡ್ಡದು, ಯಾಕೆ? ಎರಡನೆಯದು ಇವತ್ತಿನ ಉದ್ದೇಶದಿಂದ ಒಂದು ಹೆಜ್ಜೆ ಹೊರಗಿದೆ. ಅದನ್ನು ಬೇಕೆಂದೇ ಇಟ್ಟಿರುವುದು. ಕಾರಣ ಆಮೇಲೆ.

ಪಟ್ಟಿ ಏಕೆ, ರೊಟ್ಟಿ ಏಕಲ್ಲ

ಭಿನ್ನರಾಶಿ ಎಂದರೆ ಪುಸ್ತಕದಲ್ಲಿ ರೊಟ್ಟಿ, ಹೋಳಿಗೆ, ಕೇಕಿನ ಚಿತ್ರ ಬಂದೇ ಬರುತ್ತದೆ. ಅರ್ಧಕ್ಕೂ ಕಾಲಿಗೂ ರೊಟ್ಟಿ ಒಳ್ಳೆಯದೇ. ಮೂರು ಪಾಲಿಗೆ ಬಂದಾಗ ಕೈಕೊಡುತ್ತದೆ. ದುಂಡಗಿನದನ್ನು ಮೂರು ಸಮಪಾಲು ಮಾಡಲು ನಮಗೇ ಕಷ್ಟ. ಮಗು ಎರಡು ನೆಟ್ಟನೆಯ ಗೆರೆ ಎಳೆದು ಮೂರು ಭಾಗ ಮಾಡುತ್ತದೆ, ನಡುವಿನದು ದಪ್ಪ, ಅಕ್ಕಪಕ್ಕದವು ತೆಳು. ಅಂಥ ಚಿತ್ರ ನೋಡಿ 1/3ನ್ನು 1/4ರ ಜೊತೆ ಹೋಲಿಸಿದರೆ ಏನು ಬೇಕಾದರೂ ಉತ್ತರ ಬರಬಹುದು. ಉದ್ದನೆಯ ಕಾಗದದ ಪಟ್ಟಿಯಾದರೆ ಪಕ್ಕಪಕ್ಕ ಇಟ್ಟ ಕೂಡಲೇ ಉದ್ದ ಕಣ್ಣಿಗೆ ಕಾಣುತ್ತದೆ. ಮುಂದೆ ಸಂಖ್ಯಾರೇಖೆಗೆ ಹೋಗಲೂ ಅದೇ ದಾರಿ.

ಪಟ್ಟಿಯ ಉದ್ದ 24 ಸೆಂಟಿಮೀಟರ್ ಇರಲಿ. 24ನ್ನು 2, 3, 4, 6, 8 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಹಾಗಾಗಿ ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3 ಸೆಂಟಿಮೀಟರ್. ಅಗಲ 3 ಸೆಂಟಿಮೀಟರ್ ಇಟ್ಟುಕೊಂಡರೆ ಒಂದು ಎ4 ಹಾಳೆಯಲ್ಲಿ 7 ಪಟ್ಟಿ ಬರುತ್ತವೆ. ತಲೆಗೆ 4 ಪಟ್ಟಿಯಂತೆ 26 ಮಕ್ಕಳಿಗೆ 104 ಪಟ್ಟಿ, ಅಂದರೆ 15 ಹಾಳೆ. ಒಂದು ಕಡೆ ಅಚ್ಚಾದ ಹಳೇ ಹಾಳೆಯೂ ಆದೀತು. ಕತ್ತರಿಸುವ ಕೆಲಸ ಮಾತ್ರ ಶಿಕ್ಷಕಿಯದೇ ಆಗಬೇಕು. ಮಕ್ಕಳೇ ಕತ್ತರಿಸಿದರೆ ಒಬ್ಬರದು 20 ಸೆಂಟಿಮೀಟರ್, ಇನ್ನೊಬ್ಬರದು 28 ಆಗುತ್ತದೆ. 28ರ ಕಾಲು 7. 20ರ ಮೂರನೇ ಒಂದು 7ಕ್ಕಿಂತ ಕಡಿಮೆ. ಆಗ ಮಗುವಿನ ಕಣ್ಣೆದುರೇ 1/4 ದೊಡ್ಡದಾಗಿ ಕಾಣುತ್ತದೆ! ‘ಇಡೀ’ ಒಂದೇ ಆಗಿರಬೇಕು ಎಂಬುದು ಭಿನ್ನರಾಶಿಯ ಹೋಲಿಕೆಗೆ ತಳಪಾಯ. ಪಟ್ಟಿಯ ಉದ್ದ ತಪ್ಪಿದರೆ ಪಾಠವೇ ತಪ್ಪಿತು.

ಮೊದಲ ಐದು ನಿಮಿಷ

ಅವಧಿ ಶುರುವಾಗುತ್ತಲೇ ಹಲಗೆಯ ಮೇಲೆ ಮೂರು ಪ್ರಶ್ನೆ. ಮೊದಲನೆಯದು ನಾಲ್ಕು ಸಮಭಾಗ ಮಾಡಿದ ಆಯತ, ಒಂದು ಭಾಗಕ್ಕೆ ಬಣ್ಣ. ಎರಡನೆಯದೂ ನಾಲ್ಕು ಭಾಗದ ಆಯತವೇ, ಆದರೆ ಭಾಗಗಳು ಅಂಕುಡೊಂಕು, ಒಂದಕ್ಕೆ ಬಣ್ಣ. “ಬಣ್ಣ ಹಚ್ಚಿದ್ದು ಕಾಲುಭಾಗವೇ?” ಎಂದು ಎರಡಕ್ಕೂ ಕೇಳಬೇಕು. ಮೂರನೆಯ ಪ್ರಶ್ನೆ: 1/3, 1/4 ಇವುಗಳಲ್ಲಿ ಯಾವುದು ದೊಡ್ಡದು? ಉತ್ತರ ಸ್ಲೇಟಿನಲ್ಲಿ. ಬರೆದ ಮೇಲೆ ಸ್ಲೇಟನ್ನು ಎದೆಗೆ ಅವುಚಿಕೊಂಡಿರಬೇಕು. ಚಪ್ಪಾಳೆ ತಟ್ಟಿದಾಗ ಎಲ್ಲರೂ ಒಟ್ಟಿಗೆ ಎತ್ತಿ ತೋರಿಸಬೇಕು. ಎದೆಗೆ ಅವುಚಿಕೊಳ್ಳುವುದು ಸಣ್ಣ ಶಿಸ್ತು, ಆದರೆ ಅದಿಲ್ಲದಿದ್ದರೆ ಪಕ್ಕದವರ ಸ್ಲೇಟೇ ಉತ್ತರವಾಗುತ್ತದೆ.

ಇಲ್ಲಿ ಶಿಕ್ಷಕಿ ಯಾರನ್ನೂ ತಿದ್ದುವುದಿಲ್ಲ. ಅಂಕುಡೊಂಕಾದ ಚಿತ್ರವನ್ನೂ ಕಾಲು ಎಂದವರು ಯಾರು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳುತ್ತಾರೆ. ಆ ಮಕ್ಕಳಿಗೆ ಭಾಗಗಳ ಎಣಿಕೆ ಗೊತ್ತು, ಸಮಪಾಲು ಗೊತ್ತಿಲ್ಲ. ಅವರಿಗೆ ಹೋಲಿಕೆಗಿಂತ ಮೊದಲು ಬೇರೆ ಕೆಲಸವಿದೆ.

ಆಮೇಲಿನ 12 ನಿಮಿಷ ಎಲ್ಲರಿಗೂ ಒಂದೇ ಕೆಲಸ. ಒಂದು ಪಟ್ಟಿ ಹಾಗೇ ಇರಲಿ, ಅದು ‘ಇಡೀ’. ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಿಸಬೇಕು, ಮತ್ತೊಂದನ್ನು ಮೂರಾಗಿ, ಕೊನೆಯದನ್ನು ಆರಾಗಿ. ಅರ್ಧದ ಅರ್ಧ ಮಡಿಸಿದರೆ ನಾಲ್ಕು ಬರುತ್ತದೆ. ಮೂರು ಬರಬೇಕಾದರೆ 8 ಮತ್ತು 16 ಸೆಂಟಿಮೀಟರಿನಲ್ಲಿ ಗುರುತು ಹಾಕಿ ಮಡಿಸುವುದು ಲೇಸು. ಮೂರನ್ನು ಮತ್ತೆ ಅರ್ಧ ಮಾಡಿದರೆ ಆರು.

ಈ ಹೊತ್ತಿನಲ್ಲಿ ಕೋಣೆಯಲ್ಲಿ ಓಡಾಡುತ್ತ ನೋಡಿದರೆ ಎರಡು ತಪ್ಪು ಕಂಡೇ ಕಾಣುತ್ತವೆ. ಮೂರು ಭಾಗ ಬೇಕು ಎಂದು ಮೂರು ಸಲ ಅರ್ಧರ್ಧ ಮಡಿಸಿ, ಬಿಡಿಸಿ ನೋಡಿ ಎಂಟು ಭಾಗ ಬಂದದ್ದಕ್ಕೆ ಕಕ್ಕಾಬಿಕ್ಕಿಯಾಗುವ ಮಗು. ನಾಲ್ಕು ಭಾಗಕ್ಕೆಂದು ನಾಲ್ಕು ಗೆರೆ ಎಳೆದು ಐದು ಭಾಗ ಮಾಡಿಕೊಂಡ ಮಗು. ಎರಡನೆಯದಕ್ಕೆ “ಗೆರೆ ಎಣಿಸಬೇಡ, ಗೆರೆಗಳ ನಡುವಿನ ಜಾಗ ಎಣಿಸು” ಎಂದರೆ ಸಾಕು. ಮೊದಲನೆಯದಕ್ಕೆ ಏನೂ ಹೇಳದೆ ಇನ್ನೊಂದು ಪಟ್ಟಿ ಕೊಡುವುದು ಇನ್ನೂ ಒಳ್ಳೆಯದು, ಎಂಟು ಏಕೆ ಬಂತು ಎಂದು ಅದೇ ಹುಡುಕಿಕೊಳ್ಳಲಿ.

ಓದುವ ರೀತಿಯಲ್ಲೂ ಒಂದು ತೊಡಕಿದೆ. 3/4ನ್ನು ಕೆಲವರು “ಮೂರು ಬೈ ನಾಲ್ಕು” ಎನ್ನುತ್ತಾರೆ, ಕೆಲವರು “ನಾಲ್ಕನೇ ಮೂರು” ಎನ್ನುತ್ತಾರೆ. ಒಂದರಲ್ಲಿ ಮೂರು ಮೊದಲು, ಇನ್ನೊಂದರಲ್ಲಿ ನಾಲ್ಕು ಮೊದಲು. ಕೆಲವು ಮಕ್ಕಳು ಇದರಿಂದಲೇ ಮೇಲಿನದನ್ನು ಕೆಳಗೆ ಬರೆಯುತ್ತಾರೆ. ಕೆಲ ದಿನ “ನಾಲ್ಕು ಸಮಪಾಲಿನಲ್ಲಿ ಮೂರು” ಎಂದೇ ಓದಿಸಿದರೆ ಗೊಂದಲ ಕಡಿಮೆ, ಸಮಪಾಲಿನ ಮಾತೂ ಕಿವಿಗೆ ಬೀಳುತ್ತಿರುತ್ತದೆ.

ತಿರುವಿನ ಪ್ರಶ್ನೆ

ಈಗ ಅವಧಿಯ ನಡುಘಟ್ಟ. ಮುಂದೆ ಹೋಗಬೇಕೋ, ಹಿಂದೆ ಬರಬೇಕೋ ಎಂಬುದನ್ನು ತೀರ್ಮಾನಿಸುವ ಒಂದೇ ಒಂದು ಪ್ರಶ್ನೆಯನ್ನು ಇಲ್ಲಿ ಕೇಳಬೇಕು. ಬ್ರಿಟನ್ನಿನ ಶಿಕ್ಷಣತಜ್ಞ ಡಿಲನ್ ವಿಲಿಯಂ ಇಂಥ ಪ್ರಶ್ನೆಗಳ ಬಗ್ಗೆ ಬಹಳ ಬರೆದಿದ್ದಾರೆ. ಅದರ ಗುಟ್ಟು ಇಷ್ಟೇ: ತಪ್ಪು ಯೋಚನೆಯವರು ಸರಿ ಉತ್ತರಕ್ಕೆ ಬಂದು ಬೀಳದಂತೆ ಪ್ರಶ್ನೆ ಹೆಣೆದಿರಬೇಕು, ಮತ್ತು ಎಲ್ಲರ ಉತ್ತರ ಅರೆನಿಮಿಷದಲ್ಲಿ ಕಣ್ಣಿಗೆ ಬೀಳಬೇಕು. ನಮ್ಮ ಪಾಠಕ್ಕೆ ಅದು ಹೀಗಿರಬಹುದು:

“1/4, 1/6 ಇವುಗಳಲ್ಲಿ ದೊಡ್ಡದು ಯಾವುದು ಎಂದು ಮೂವರು ಮಕ್ಕಳನ್ನು ಕೇಳಿದೆ. ಯಾರ ಮಾತು ಸರಿ?
ಅ. ನಾಲ್ಕಕ್ಕಿಂತ ಆರು ದೊಡ್ಡದು, ಅದಕ್ಕೆ 1/6 ದೊಡ್ಡದು.
ಆ. ಅದೇ ಪಟ್ಟಿಯನ್ನು ಹೆಚ್ಚು ಪಾಲು ಮಾಡಿದರೆ ಒಂದೊಂದು ಪಾಲು ಕಿರಿದಾಗುತ್ತದೆ, ಅದಕ್ಕೆ 1/4 ದೊಡ್ಡದು.
ಇ. ಕೆಳಗಿನ ಸಂಖ್ಯೆ ಚಿಕ್ಕದಿದ್ದರೆ ಯಾವಾಗಲೂ ಅದೇ ದೊಡ್ಡ ಭಿನ್ನರಾಶಿ, ಅದಕ್ಕೆ 1/4 ದೊಡ್ಡದು.”

ಸ್ಲೇಟಿನಲ್ಲಿ ಒಂದೇ ಅಕ್ಷರ. ಈ ಮೂರರಲ್ಲಿ ಜಾಣತನವಿರುವುದು ‘ಇ’ಯಲ್ಲಿ. 1/4 ದೊಡ್ಡದು ಎಂಬ ಉತ್ತರ ಸರಿ, ಕಾರಣ ತಪ್ಪು. ಮಗು ಪಾಲಿನ ಬಗ್ಗೆ ಯೋಚಿಸುವುದನ್ನು ಬಿಟ್ಟು ಒಂದು ಸೂತ್ರ ಹಿಡಿದುಕೊಂಡಿದೆ. ಇವತ್ತು ಆ ಸೂತ್ರ ಕೈಹಿಡಿಯುತ್ತದೆ, ಅಂಶಗಳು ಬೇರೆಯಾದ ದಿನ ಕೈಬಿಡುತ್ತದೆ. ಎಷ್ಟೋ ಸಲ ಈ ಸೂತ್ರವನ್ನು ಕೊಟ್ಟವರು ನಾವೇ ದೊಡ್ಡವರು: “ಕೆಳಗಡೆ ಚಿಕ್ಕದಿದ್ರೆ ದೊಡ್ಡದು, ನೆನಪಿಟ್ಕೋ!”

ತೀರ್ಮಾನವನ್ನು ಮೊದಲೇ ಯೋಜನೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಅರ್ಧಕ್ಕಿಂತ ಹೆಚ್ಚು ಸ್ಲೇಟುಗಳಲ್ಲಿ ‘ಅ’ ಇದ್ದರೆ ಗುಂಪು ಕೆಲಸ ಬೇಡ, ಇಡೀ ತರಗತಿ ಮತ್ತೆ ಪಟ್ಟಿಗೆ ಮರಳಲಿ. ಇಲ್ಲದಿದ್ದರೆ ಉತ್ತರದ ಮೇಲೆ ಮೂರು ಗುಂಪು. ನಮ್ಮ 26 ಸ್ಲೇಟುಗಳಲ್ಲಿ ‘ಅ’ 9, ‘ಆ’ 10, ‘ಇ’ 7 ಎಂದಿಟ್ಟುಕೊಳ್ಳೋಣ. ಮುಂದೆ ಹೋಗಬಹುದು. ಆರಂಭದಲ್ಲಿ ಅಂಕುಡೊಂಕಿನ ಚಿತ್ರಕ್ಕೆ ಕಾಲು ಎಂದವರನ್ನು, ಈಗ ಏನೇ ಬರೆದಿರಲಿ, ಮೊದಲ ಗುಂಪಿಗೇ ಸೇರಿಸಿಕೊಳ್ಳಬೇಕು.

ಮೂರು ಗುಂಪು, ಒಂದೇ ಉದ್ದೇಶ

ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಕಲಿತು ಬಂದ ಮಕ್ಕಳಿಗೆ ಗುಂಪು ಹೊಸದಲ್ಲ. ಶಿಕ್ಷಕರ ನೆರವು ಬೇಕಾದವರು ಒಂದು ಕಡೆ, ಜೊತೆಯವರ ನೆರವಿನಲ್ಲಿ ನಡೆಯುವವರು ಇನ್ನೊಂದು ಕಡೆ ಕೂರುವುದು ಅವರಿಗೆ ರೂಢಿ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದೇ ವೇಗದಲ್ಲಿ ಓಡಿಸುತ್ತೇವೆ. ಇನ್ನು ಕೆಲವು ಕಡೆ ಗುಂಪು ಎಂದರೆ ‘ಜಾಣರು’, ‘ದಡ್ಡರು’ ಎಂದು ಜೂನ್‌ನಲ್ಲಿ ಕೂರಿಸಿ ಮಾರ್ಚಿಯಲ್ಲಿ ಎಬ್ಬಿಸುವುದು. ನಾನು ಹೇಳುತ್ತಿರುವ ಗುಂಪು ಅದಲ್ಲ. ಇದು ಈ ಹೊತ್ತಿನ ಸ್ಲೇಟಿನ ಮೇಲೆ ಕಟ್ಟಿದ, 12 ನಿಮಿಷ ಬಾಳುವ ಗುಂಪು. ನಾಳೆ ಬೇರೆ ಪ್ರಶ್ನೆ, ಬೇರೆ ಗುಂಪು.

‘ಅ’ ಬರೆದವರ ಜೊತೆ ಶಿಕ್ಷಕಿ ನೆಲದ ಮೇಲೆ ಕೂರುತ್ತಾರೆ. ಇಲ್ಲಿ ಮೊದಲು ಸಂಖ್ಯೆ ಬೇಡ, ಹಂಚಿಕೆ ಸಾಕು. ಮಾತುಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಒಂದು ಶೇಂಗಾ ಚಿಕ್ಕಿ ಇದೆ ಪುಟ್ಟಿ. ಮೂರು ಜನ ಹಂಚ್ಕೊಂಡ್ರೆ ನಿಂಗೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?”
“ಮೂರು ಜನ ಆದ್ರೆ ಮಿಸ್.”
“ಹಾಗಾದ್ರೆ 1/3 ದೊಡ್ಡದೋ, 1/4 ದೊಡ್ಡದೋ?”
“1/4 ಮಿಸ್. ನಾಲ್ಕು ದೊಡ್ಡದಲ್ವಾ?”

ಇಲ್ಲಿ ಅನೇಕರಿಗೆ ತಾಳ್ಮೆ ತಪ್ಪುತ್ತದೆ. ಈಗಷ್ಟೇ ಸರಿ ಹೇಳಿದ ಮಗು ಮರುಕ್ಷಣ ತಪ್ಪು ಹೇಳಿತಲ್ಲ! ಆದರೆ ಮಗುವಿಗೆ ಚಿಕ್ಕಿಯ ಲೆಕ್ಕ ಒಂದು, ಸ್ಲೇಟಿನ ಲೆಕ್ಕ ಇನ್ನೊಂದು. ಎರಡೂ ಒಂದೇ ಎಂದು ಯಾರೂ ಸೇರಿಸಿ ತೋರಿಸಿಲ್ಲ. ಹಾಗಾಗಿ ಮತ್ತೆ ಕೇಳುವುದಕ್ಕಿಂತ, ಪಟ್ಟಿಯನ್ನೇ ಚಿಕ್ಕಿ ಎಂದುಕೊಂಡು ಮೂವರಿಗೆ ಹಂಚಿಸಿ, ಒಂದು ತುಂಡಿನ ಮೇಲೆ ಆ ಮಗುವಿನ ಕೈಯಿಂದಲೇ 1/3 ಎಂದು ಬರೆಸಬೇಕು. ಇನ್ನೊಂದು ಪಟ್ಟಿಯನ್ನು ನಾಲ್ವರಿಗೆ ಹಂಚಿಸಿ 1/4 ಎಂದು ಬರೆಸಬೇಕು. ಎರಡು ತುಂಡನ್ನೂ ಒಂದರ ಮೇಲೊಂದು ಇಡಿಸಬೇಕು. ಕೆಳಗೆ ಬರೆದ ನಾಲ್ಕು ಎಂದರೆ ಎಷ್ಟು ಸಿಕ್ಕಿತು ಎಂದಲ್ಲ, ಎಷ್ಟು ಪಾಲಾಯಿತು ಎಂದು ಅರ್ಥ. ಅದನ್ನು ಬಾಯಿಬಿಟ್ಟು ಹೇಳಬೇಕಾದದ್ದು ಈ ಗಳಿಗೆಯಲ್ಲಿ, ತುಂಡು ಕೈಯಲ್ಲಿರುವಾಗ. ಆಮೇಲೆ 1/6ರ ತುಂಡು ತೋರಿಸುವ ಮೊದಲೇ “ಇದು 1/4ಕ್ಕಿಂತ ಉದ್ದ ಇರುತ್ತೋ, ಗಿಡ್ಡ ಇರುತ್ತೋ?” ಎಂದು ಊಹಿಸಲು ಹೇಳಬೇಕು. ಊಹೆ ಸರಿಯಾದರೆ ದಾರಿಗೆ ಬಂದರೆಂದು ಲೆಕ್ಕ. ಹಂಚಿಕೆಯಿಂದ ಭಿನ್ನರಾಶಿಗೆ ಬರುವ ಈ ದಾರಿಯನ್ನು ನೆದರ್ಲೆಂಡ್ಸ್‌ನ ಲೇನ್ ಸ್ಟ್ರೀಫ್‌ಲ್ಯಾಂಡ್ ಬೆಳೆಸಿದರು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರೂ ಮಕ್ಕಳೊಂದಿಗೆ ಇದರ ಮೇಲೆ ಕೆಲಸ ಮಾಡಿದ್ದಾರೆ.

‘ಇ’ ಬರೆದವರಿಗೆ ಅವರ ಸೂತ್ರ ಮುರಿಯುವ ಕೆಲಸ ಕೊಡಬೇಕು. “1/2, 5/6 ಇವುಗಳಲ್ಲಿ ಯಾವುದು ದೊಡ್ಡದು? ಮೊದಲು ಉತ್ತರ ಬರೆಯಿರಿ, ಆಮೇಲೆ ಪಟ್ಟಿ ಇಟ್ಟು ನೋಡಿ.” ಸೂತ್ರದ ಪ್ರಕಾರ 1/2 ದೊಡ್ಡದು. ಪಟ್ಟಿಯಲ್ಲಿ 1/2 ಎಂದರೆ 12 ಸೆಂಟಿಮೀಟರ್, 5/6 ಎಂದರೆ 20. ಜೋಡಿಯಾಗಿ ಕೂತ ಇಬ್ಬರೂ ತಮ್ಮ ತಪ್ಪನ್ನು ತಾವೇ ಕಾಣುತ್ತಾರೆ, ಶಿಕ್ಷಕಿ ಅಲ್ಲಿ ನಿಲ್ಲಬೇಕಾಗಿಯೇ ಇಲ್ಲ. ಅವರು ಮಾಡಬೇಕಾದ ಕೊನೆಯ ಕೆಲಸ, ತಮ್ಮ ಸೂತ್ರ ಯಾವಾಗ ಸರಿ, ಯಾವಾಗ ತಪ್ಪು ಎಂದು ಒಂದು ವಾಕ್ಯ ಬರೆಯುವುದು.

‘ಆ’ ಬರೆದವರಿಗೆ ಏನು? ಬೇಗ ಮುಗಿಸಿದ ಮಕ್ಕಳಿಗೆ ಮುಂದಿನ ಅಧ್ಯಾಯದ ಲೆಕ್ಕ ಕೊಡುವುದು ನಮ್ಮ ಚಾಳಿ. ಅಥವಾ ಅದೇ ಲೆಕ್ಕವನ್ನು 1/17, 1/19 ಎಂದು ದೊಡ್ಡ ಸಂಖ್ಯೆಗಳಲ್ಲಿ ಕೊಡುವುದು. ಎರಡರಿಂದಲೂ ಯೋಚನೆ ಆಳವಾಗುವುದಿಲ್ಲ. ಬದಲಿಗೆ ಹೀಗೆ ಕೇಳಿ ನೋಡಿ: “1/3ಕ್ಕಿಂತ ಚಿಕ್ಕದು, 1/4ಕ್ಕಿಂತ ದೊಡ್ಡದು ಆಗಿರುವ ಒಂದು ಭಿನ್ನರಾಶಿ ಹುಡುಕಿ.” ಮೊದಲಿಗೆ “ಇಲ್ಲ ಮಿಸ್, ಮೂರು ನಾಲ್ಕರ ಮಧ್ಯೆ ಏನೂ ಇಲ್ಲ” ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಡಿ. ಪಟ್ಟಿಯಲ್ಲಿ 1/4 ಎಂದರೆ 6 ಸೆಂಟಿಮೀಟರ್, 1/3 ಎಂದರೆ 8. ನಡುವೆ 7 ಇದೆಯಲ್ಲ! 24ರಲ್ಲಿ 7, ಅಂದರೆ 7/24. ಯಾರಾದರೂ 2/7 ಎಂದರೆ ಅದೂ ಸರಿಯೇ. ಅದನ್ನು ಸಾಧಿಸಿ ತೋರಿಸಲು ಬೇಕಾದದ್ದು ಇವತ್ತಿನ ಪಾಠವೇ: 1/4 ಎಂದರೆ 2/8, 1/3 ಎಂದರೆ 2/6, ಎಂಟು, ಏಳು, ಆರು ಪಾಲುಗಳಲ್ಲಿ ಎರಡೆರಡು ತೆಗೆದುಕೊಂಡರೆ 2/7 ನಡುವೆ ಬಂದು ಕೂರುತ್ತದೆ. ಮುಂದಿದ್ದ ಮಕ್ಕಳು ಉದ್ದೇಶವನ್ನು ದಾಟಿ ಓಡಲಿಲ್ಲ, ಅದರೊಳಗೇ ಇಳಿದರು.

ಚೀಟಿ ಏನು ಹೇಳುತ್ತದೆ

ಕೊನೆಯ ಆರು ನಿಮಿಷ ಚೀಟಿಗೆ. ಪಟ್ಟಿಗಳನ್ನು ಚೀಲಕ್ಕೆ ಹಾಕಿಸಬೇಕು. ಎಷ್ಟೇ ಗಡಿಬಿಡಿಯಾದರೂ ಇದನ್ನು ಬಿಡಬಾರದು. ಸಮಯ ಸಾಲದಿದ್ದರೆ ಗುಂಪಿನ ಕೆಲಸವನ್ನೇ ಮೊಟಕುಗೊಳಿಸಬೇಕು. ಪ್ರಶ್ನೆಗಳು ಮೊದಲೇ ಬರೆದಿಟ್ಟ ಎರಡು: 2/3, 2/5 ಮತ್ತು 1/4, 3/8. ಐದು ಪಾಲಿನ ಪಟ್ಟಿಯನ್ನು ಯಾರೂ ಮಡಿಸಿಲ್ಲ. ಮೊದಲ ಪ್ರಶ್ನೆಗೆ ಕಂಡದ್ದನ್ನು ನೆನಪಿಸಿಕೊಂಡು ಬರೆಯಲು ಬರುವುದಿಲ್ಲ, ಯೋಚಿಸಿಯೇ ಬರೆಯಬೇಕು.

ಸಂಜೆ 26 ಚೀಟಿಗಳನ್ನು ನಾಲ್ಕು ಕಟ್ಟು ಮಾಡಲು ಹತ್ತು ನಿಮಿಷ ಸಾಕು. ಮೊದಲನೆಯದು ತಪ್ಪಾಗಿ ಎರಡನೆಯದು ಸರಿಯಾಗಿದ್ದರೆ, ಅಂದರೆ 2/5 ಮತ್ತು 3/8 ಎಂದು ಬರೆದಿದ್ದರೆ, ಆ ಮಗು ಇನ್ನೂ ಸಂಖ್ಯೆಯ ಗಾತ್ರವನ್ನೇ ನೋಡುತ್ತಿದೆ. ಎರಡನೆಯ ಉತ್ತರ ಸರಿಯಾದದ್ದು ಅಕಸ್ಮಾತ್. ಮೊದಲನೆಯದು ಸರಿಯಾಗಿ ಎರಡನೆಯದು ತಪ್ಪಾಗಿದ್ದರೆ, ಕಾರಣದ ಸಾಲು ಓದಿ. “ಹೆಚ್ಚು ಪಾಲಾದರೆ ಕಿರಿದು” ಎಂದು ಮೊದಲನೆಯದಕ್ಕೆ ಬರೆದಿದ್ದರೆ ಇವತ್ತಿನ ಉದ್ದೇಶ ಈಡೇರಿತು, ಎರಡನೆಯದು ಮುಂದಿನ ಪಾಠದ್ದು. “ಕೆಳಗೆ ಚಿಕ್ಕದು” ಎಂದಷ್ಟೇ ಇದ್ದರೆ ಸೂತ್ರ ಇನ್ನೂ ಬಿಟ್ಟಿಲ್ಲ. ಎರಡೂ ಸರಿಯಾಗಿ ಕಾರಣವೂ ಇದ್ದರೆ ಆ ಮಗು ಕಾಲನ್ನು ಎರಡೆಂಟಾಂಶವಾಗಿ ನೋಡಬಲ್ಲದು, ಸಮಾನ ಭಿನ್ನರಾಶಿಗೆ ಸಿದ್ಧ. ಎರಡೂ ತಪ್ಪಾದವರ ಚೀಟಿಗಿಂತ ಅವರನ್ನೇ ನಾಳೆ ಬೆಳಿಗ್ಗೆ ಎರಡು ನಿಮಿಷ ಮಾತಾಡಿಸುವುದು ಉತ್ತಮ. ಎಷ್ಟೋ ಸಲ ಅವರಿಗೆ ಪ್ರಶ್ನೆ ಓದಲೇ ಬಂದಿರುವುದಿಲ್ಲ, ಅದು ಗಣಿತದ ತೊಂದರೆಯೇ ಅಲ್ಲ.

ಈ ಯೋಜನೆಗೂ ಮಿತಿಯಿದೆ. ನಾಲ್ಕು, ಐದು ಎರಡೂ ತರಗತಿಯನ್ನು ಒಬ್ಬರೇ ನಡೆಸುವ ಶಾಲೆಯಲ್ಲಿ ಮೂರು ಗುಂಪು ಕಷ್ಟ. ಅಲ್ಲಿ ‘ಅ’ ಗುಂಪು ಒಂದು, ಉಳಿದವರೆಲ್ಲ ಇನ್ನೊಂದು ಎಂದು ಎರಡೇ ಮಾಡಿಕೊಳ್ಳಬೇಕಾದೀತು. ಮರುದಿನ ಬಂದ ಗೈರುಹಾಜರಿ ಮಕ್ಕಳು ಎಲ್ಲ ಲೆಕ್ಕವನ್ನೂ ತಪ್ಪಿಸುತ್ತಾರೆ. ಒಂದು ಅವಧಿಯಲ್ಲಿ 9 ಮಕ್ಕಳ ಹಳೆಯ ಯೋಚನೆ ಪೂರ್ತಿ ಅಳಿಯುವುದೂ ಇಲ್ಲ. ಎರಡು ವಾರ ಬಿಟ್ಟು ಕೇಳಿದರೆ ಮತ್ತೆ ತಲೆಯೆತ್ತುವುದುಂಟು. ಅದಕ್ಕೇ ಎರಡು ವಾರದ ನಂತರದ ಯೋಜನೆಯಲ್ಲಿ ಅದೇ ಬಗೆಯ ಒಂದು ಪ್ರಶ್ನೆಯನ್ನು ಈಗಲೇ ಬರೆದಿಡಬೇಕು. ಅಲ್ಲಿಯವರೆಗೆ ಭಿನ್ನರಾಶಿಗಳನ್ನು ಕೂಡುವ ಅಧ್ಯಾಯಕ್ಕೆ ಕೈಹಾಕದಿರುವುದು ಕ್ಷೇಮ.

ಮನೆಯಲ್ಲಿ ಐದನೇ ತರಗತಿಯ ಮಗುವಿದ್ದರೆ ನೀವೂ ಕೇಳಿ ನೋಡಬಹುದು. 2/3, 2/5 ಎಂದು ಒಂದು ಕಾಗದದ ಮೇಲೆ ಬರೆದು ಯಾವುದು ದೊಡ್ಡದು ಎನ್ನಿ. ಉತ್ತರ ಸರಿಯಾಗಿದ್ದರೂ ತಪ್ಪಾಗಿದ್ದರೂ ಮುಖದಲ್ಲಿ ತೋರಿಸಿಕೊಳ್ಳದೆ, “ಯಾಕೆ?” ಎಂದು ಇನ್ನೊಂದು ಮಾತು ಕೇಳಿ.